ಸತ್ಯಾಂಶ: ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿದರೆ ದುಡ್ಡು ಉಳಿಯುತ್ತದೆಯೇ?

ವಾಟ್ಸಾಪಿನಲ್ಲಿ ಬಂದದ್ದು: "ಆಂಟಿವೈರಸ್ ರಿನ್ಯೂವಲ್ ಬಿಲ್ ಬಂದರೆ 24 ಗಂಟೆಯೊಳಗೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿಸಿ, ಇಲ್ಲದಿದ್ದರೆ ದುಡ್ಡು ತಾನಾಗೇ ಕಟ್ ಆಗುತ್ತದೆ. ನಿಜವೇ?"

ಸುಳ್ಳು. ಆ ಫೋನ್ ಕರೆಯೇ ಬಲೆ.

ಶಿರಸಿಯ ಅಡಿಕೆ ಅಂಗಡಿಯೊಂದರ ಇಮೇಲಿಗೆ 14,999 ರೂಪಾಯಿಯ ಇಂಥ ಪಿಡಿಎಫ್ ಬಂತು ಎಂದುಕೊಳ್ಳಿ. ಕಳಿಸಿದ್ದು ಮಾಮೂಲಿ ಜಿಮೇಲ್ ವಿಳಾಸದಿಂದ. ಯಾವ ಕಾರ್ಡಿನಿಂದ ಹಣ ಹೋಗುತ್ತದೆ ಎಂಬುದಕ್ಕೆ ಕೊನೆಯ ನಾಲ್ಕು ಅಂಕಿಯೂ ಇಲ್ಲ, ಏಕೆಂದರೆ ಕಳಿಸಿದವನ ಬಳಿ ಕಾರ್ಡಿನ ವಿವರವೇ ಇಲ್ಲ. ಲಿಂಕ್ ಬದಲು ಫೋನ್ ನಂಬರ್ ಕೊಡುವುದು ಸ್ಪ್ಯಾಮ್ ಫಿಲ್ಟರ್ ತಪ್ಪಿಸಲು. ಫೋನ್ ಮಾಡಿದರೆ, "ರೀಫಂಡ್ ಫಾರ್ಮ್ ತುಂಬೋಣ" ಎಂದು ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸುತ್ತಾರೆ. ಆಮೇಲೆ ನಿಮ್ಮ ಪರದೆಯ ಮೇಲಿನ ಒಟಿಪಿ ಅವರಿಗೂ ಕಾಣುತ್ತದೆ. ಯುಪಿಐ ಪಿನ್ ಒತ್ತಿ ಎಂದರಂತೂ ಅಲ್ಲೇ ಫೋನ್ ಇಡಿ. ಹಣ ಪಡೆಯಲು ಪಿನ್ ಬೇಕಿಲ್ಲ.

ನಿಜವಾದ ಆಟೋ ಡೆಬಿಟ್ ಆದರೆ, ರಿಸರ್ವ್ ಬ್ಯಾಂಕ್ ನಿಯಮದಂತೆ ಕನಿಷ್ಠ 24 ಗಂಟೆ ಮೊದಲು ಕಂಪನಿಯ ಹೆಸರು, ಮೊತ್ತ, ದಿನಾಂಕದೊಂದಿಗೆ ಸೂಚನೆ ಬರುತ್ತದೆ. ಆದರೆ ಎಸ್ಸೆಮ್ಮೆಸ್ಸನ್ನೂ ನಕಲು ಮಾಡಬಹುದು. ಹಾಗಾಗಿ ನೀವೇ ಯುಪಿಐ ಆ್ಯಪ್ ತೆರೆದು ಆಟೋಪೇ ಪಟ್ಟಿ ನೋಡಿ. ಕಾರ್ಡಿನದಾದರೆ ಬ್ಯಾಂಕ್ ಆ್ಯಪಿನಲ್ಲಿ ಇ-ಮ್ಯಾಂಡೇಟ್ ಪಟ್ಟಿ. ಪ್ಲೇ ಸ್ಟೋರಿನದಾದರೆ ಅಲ್ಲಿಯ ಸಬ್‌ಸ್ಕ್ರಿಪ್ಷನ್ ಪುಟ. ಹೆಸರಿದ್ದು ಬೇಡವಾದರೆ ಅಲ್ಲೇ ರದ್ದುಮಾಡಿ. ಎಲ್ಲೂ ಇಲ್ಲವೆಂದರೆ ಇಮೇಲ್ ಅಳಿಸಿದರೆ ಸಾಕು.

ಆ್ಯಪ್ ಈಗಾಗಲೇ ಹಾಕಿಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಕಾರ್ಡಿನ ಹಿಂಬದಿಯ ನಂಬರಿಗೆ ಕರೆ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಹೇಳಿ, ಅಥವಾ cybercrime.gov.in ನಲ್ಲಿ ದೂರು ಕೊಡಿ.