ಅಪ್ಪೆಮಿಡಿ ಎರಡನೇ ಬ್ಯಾಚ್: ಸ್ಪಷ್ಟನೆ

“ಮಿಡಿಯೆಲ್ಲ ಕೊಳೆತುಹೋಗಿದೆಯಂತೆ, ಅದಕ್ಕೇ ಉಪ್ಪಿನಕಾಯಿ ಕಳಿಸ್ತಿಲ್ಲವಂತೆ. ಹೌದಾ?”

ಇಲ್ಲ, ಕೊಳೆತಿಲ್ಲ. ಉಪ್ಪು ಇನ್ನೂ ಒಳಗಿಳಿದಿಲ್ಲ. ಮೇ 15ಕ್ಕೆ ಕಳಿಸುತ್ತೇವೆ ಎಂದು ಹೇಳಿ ತಪ್ಪಿದ್ದಕ್ಕೆ, ಅದನ್ನು ಅಂದೇ ತಿಳಿಸದಿದ್ದಕ್ಕೆ ಕ್ಷಮೆಯಿರಲಿ.

ಈ ಬ್ಯಾಚಿನ ಮಿಡಿ ಕೊಂಚ ಬಲಿತದ್ದು. ನಾಲ್ಕು ಕೆಜಿ ಮಿಡಿಗೆ ಒಂದು ಕೆಜಿ ಹರಳುಪ್ಪಿನ ಲೆಕ್ಕದಲ್ಲಿ ಭರಣಿಗೆ ಹಾಕಿದ್ದೇವೆ. ಎಳೆಯ ಮಿಡಿ ಬೇಗ ನೀರು ಬಿಟ್ಟು ಚಿರುಟುತ್ತದೆ. ಬಲಿತದ್ದು ಹೊರಗೆ ಸುಕ್ಕಾದರೂ ಓಟೆಯ ಸುತ್ತ ಹಸಿಯಾಗಿಯೇ ಇರುತ್ತದೆ. ಮೊನ್ನೆ ಮೂರು ಭರಣಿಯಿಂದ ಒಂದೊಂದು ತೆಗೆದು ಕುಯ್ದಾಗ ಎರಡರಲ್ಲಿ ಒಳಗೆ ಬೆಳ್ಳಗಿನ ಹಸಿ ಪಟ್ಟಿ ಕಂಡಿತು. ಹಾಗೇ ಸಾಸಿವೆ, ಖಾರ ಬೆರೆಸಿ ಬಾಟಲಿಗೆ ತುಂಬಿದರೆ ಮಿಡಿ ಅಲ್ಲೂ ನೀರು ಬಿಡುತ್ತದೆ. ಮಸಾಲೆ ತೆಳುವಾಗಿ, ಉಪ್ಪಿನಂಶ ಇಳಿದು, ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಆಮೇಲೆ ಮಿಡಿ ಮೆತ್ತಗಾಗುವುದು ಖಂಡಿತ. ಕೊಳೆತ ಸುದ್ದಿ ಆಗ ನಿಜವಾಗುತ್ತಿತ್ತು!

ದಿನಕ್ಕೊಮ್ಮೆ ಒಣ ಸೌಟಿನಿಂದ ಕೆಳಗಿನದನ್ನು ಮೇಲೆ ಮಾಡುತ್ತಿದ್ದೇವೆ. ಮೇ 26ಕ್ಕೆ ಮತ್ತೆ ಕುಯ್ದು ನೋಡಿ, ಉಪ್ಪುನೀರು ಕುದಿಸಿ ಆರಿಸಿ ಮಸಾಲೆ ಅರೆಯುತ್ತೇವೆ. ಅದು ಹಿಡಿಯಲು ಒಂದು ವಾರ. ಏಪ್ರಿಲ್‌ನಲ್ಲಿ ಆರ್ಡರ್ ಹೇಳಿದವರಿಗೆ ಜೂನ್ 3ರಂದು, ಉಳಿದವರಿಗೆ ಜೂನ್ 6ರಂದು ಪಾರ್ಸೆಲ್ ಹೊರಡುತ್ತದೆ. 26ರಂದೂ ಹಸಿ ಕಂಡರೆ ತಾರೀಖು ಮುಂದೆ ಹೋಗುತ್ತದೆ, ಅಂದು ಸಂಜೆಯೇ ತಿಳಿಸುತ್ತೇವೆ.

ಕಾಯಲು ಆಗದವರು ಆರ್ಡರ್ ನಂಬರ್ ಕಳಿಸಿ, ಪೂರ್ತಿ ಹಣ ವಾಪಸ್. ಮೊದಲ ಬ್ಯಾಚ್ ಎಳೆಮಿಡಿಯದು, ಅದಕ್ಕೂ ಈ ತೊಂದರೆಗೂ ಸಂಬಂಧವಿಲ್ಲ.