ಒಂದು ದೊಡ್ಡ ನಮಸ್ಕಾರ

ನಲ್ಲಿ ರಿಪೇರಿಯವನು ಬಾಗಿಲಲ್ಲೇ "ನಮಸ್ಕಾರ ಅಮ್ಮ" ಎಂದು ಒಳಗೆ ಬಂದ. ಮೂರನೇ ಸಲ ವಾಷರ್ ಬದಲಾಯಿಸಿ, ದುಡ್ಡು ಇಸಿದುಕೊಂಡು ಹೋದ. ಅರ್ಧ ಗಂಟೆ ಆಗಿಲ್ಲ, ಮತ್ತೆ ಟಪ್ ಟಪ್. ಅಮ್ಮ ಸೌಟು ಕೆಳಗಿಟ್ಟು, ನಲ್ಲಿಯ ಕಡೆಗೇ ಎರಡೂ ಕೈ ಜೋಡಿಸಿ, "ಅವನ ಸಹವಾಸಕ್ಕೆ ಒಂದು ದೊಡ್ಡ ನಮಸ್ಕಾರ ಕಣೋ. ಇನ್ನೊಂದ್ಸಲ ಕರೀಬೇಡ" ಎಂದರು.

ಬರುವಾಗಲೂ ನಮಸ್ಕಾರ, ಸಾಗಹಾಕುವಾಗಲೂ ನಮಸ್ಕಾರ. ಈ ಪದಕ್ಕೆ ಏನಾಗಿದೆ ಎಂದು ಆ ನಲ್ಲಿಯ ಸದ್ದು ಕೇಳುತ್ತಲೇ ಯೋಚಿಸಿದೆ.

ಪದ ಸಂಸ್ಕೃತದ್ದು. ಮೂಲದಲ್ಲಿರುವುದು "ನಮ್", ಅಂದರೆ ಬಾಗು. ಅದರಿಂದ "ನಮಸ್", ಬಾಗುವಿಕೆ. ಈ ಬಾಗುವ ಬೇರು ಇರಾನಿನ ಕಡೆಯೂ ಇತ್ತು. ಅಲ್ಲಿ ಪರ್ಷಿಯನ್ ಭಾಷೆಯಲ್ಲಿ ಅದು "ನಮಾಜ್" ಆಯಿತು. ನಮ್ಮ ನಮಸ್ಕಾರವೂ ಮಸೀದಿಯ ನಮಾಜೂ ಒಂದೇ ಬೇರಿನ ಮಕ್ಕಳು.

ಇನ್ನು ಬಾಲದಲ್ಲಿರುವ "ಕಾರ". ಇದು ನನಗೆ ತುಂಬಾ ಇಷ್ಟವಾದ ಭಾಗ. "ಓಂ" ಎನ್ನುವುದು ಓಂಕಾರ. "ಧಿಕ್" ಎಂದು ಛೀಮಾರಿ ಹಾಕುವುದು ಧಿಕ್ಕಾರ. "ಹೂಂ" ಎಂದು ಗದರುವುದು ಹೂಂಕಾರ. ಹಾಗೆಯೇ "ನಮಃ" ಎನ್ನುವುದು ನಮಸ್ಕಾರ. ಅಂದರೆ ಅದು ಆಡುವ ಮಾತಲ್ಲ, ಆಡಿದ ಮಾತಿಗೆ ಇಟ್ಟ ಹೆಸರು. ಯಾರನ್ನೋ ಬೈಯಬೇಕಾದಾಗ ಬರೀ "ಬೈಗುಳ!" ಎಂದು ಕೂಗಿ ಸುಮ್ಮನಾದ ಹಾಗೆ ಅಲ್ವಾ? ನಾವು ದಿನವೂ ಅದನ್ನೇ ಮಾಡುತ್ತೇವೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಹೆಸರೇ ಸಾಕು ಎನ್ನುವ ಈ ಅಭ್ಯಾಸ ನನಗೂ ಇತ್ತು. ಹಾಸ್ಟೆಲಿನಿಂದ ಅಪ್ಪನಿಗೆ ಕಾಗದ ಬರೆಯುವಾಗ "ತೀರ್ಥರೂಪರವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು" ಎಂದೇ ಶುರು. ಸಾಷ್ಟಾಂಗ ಎಂದರೆ ದೇಹದ ಎಂಟು ಅಂಗಗಳೂ ನೆಲಕ್ಕೆ ತಾಗುವಂತೆ ಬೀಳುವುದು. ನಾನು ಮಂಚದ ಮೇಲೆ ಕಾಲು ಚಾಚಿಕೊಂಡು ಬರೆಯುತ್ತಿದ್ದೆ. ಎರಡನೇ ಸಾಲಿನಲ್ಲಿ ಮೆಸ್ ಬಿಲ್ಲು.

ಆದರೆ ಮೊದಮೊದಲು ಈ ಬಾಗುವಿಕೆ ಬರೀ ಮರ್ಯಾದೆಗಲ್ಲ. ಸೋಮವಾರ ಶಿವನ ಗುಡಿಗೆ ಹೋದರೆ ರುದ್ರ ಹೇಳುವುದು ಕೇಳಿಸುತ್ತದೆ. ಯಜುರ್ವೇದದ ಹನ್ನೊಂದು ಅನುವಾಕಗಳು. ಸಾಲುಸಾಲಿಗೂ "ನಮಃ", "ನಮೋ" ಬರುವುದರಿಂದ ಅದಕ್ಕೆ ನಮಕ ಎಂದೇ ಹೆಸರು. ಅದರ ಮೊದಲ ಮಾತು "ನಮಸ್ತೇ ರುದ್ರ ಮನ್ಯವೇ". ಹಾಗೆಂದರೆ, ರುದ್ರ, ನಿನ್ನ ಕೋಪಕ್ಕೆ ನಮಸ್ಕಾರ. ಮುಂದೆ ಅವನ ಬಾಣಕ್ಕೆ, ಬಿಲ್ಲಿಗೆ, ತೋಳುಗಳಿಗೆ. ಆಮೇಲೆ ಬಡಗಿಗಳಿಗೆ, ಕುಂಬಾರರಿಗೆ, ಕಮ್ಮಾರರಿಗೆ, ನಾಯಿಗಳಿಗೆ, ಕಳ್ಳರ ಒಡೆಯನಿಗೂ! ಕೊನೆಕೊನೆಗೆ ಬೇಡಿಕೆ ಹೊರಗೆ ಬರುತ್ತದೆ: ನಮ್ಮ ಮಕ್ಕಳಿಗೆ, ಹಸುಗಳಿಗೆ, ಕುದುರೆಗಳಿಗೆ ಹೊಡೆಯಬೇಡ.

ಬಿಲ್ಲು ಹಿಡಿದು ನಿಂತವನ ಮುಂದೆ ಬಾಗುವುದು ಎಂದರೆ "ನಿನ್ನ ದಮ್ಮಯ್ಯ, ನಮ್ಮನ್ನು ಬಿಟ್ಟುಬಿಡಪ್ಪ" ಎಂದಲ್ಲದೆ ಇನ್ನೇನು?

ಅಲ್ಲಿ "ತೇ" ಎಂದರೆ "ನಿನ್ನ". ನಾವು ಎದುರಿಗೆ ಬಂದವರಿಗೆ ಹೇಳುವ ನಮಸ್ತೆಯಲ್ಲಿ ಅದೇ "ತೇ" "ನಿನಗೆ" ಆಗುತ್ತದೆ. ಹೇಗೆ ನೋಡಿದರೂ ಏಕವಚನವೇ. ಆಫೀಸಿನಲ್ಲಿ "ನಮಸ್ತೆ ಸರ್" ಎನ್ನುವವರು ಲೆಕ್ಕಕ್ಕೆ "ನಿನಗೆ ನಮಸ್ಕಾರ, ಸರ್" ಎನ್ನುತ್ತಿದ್ದಾರೆ. ಸರ್‌ಗೆ ಗೊತ್ತಾಗದಿರುವುದೇ ಒಳ್ಳೆಯದು. ವೇದದಲ್ಲಿ ಇದು ತಪ್ಪಲ್ಲ ಬಿಡಿ. ದೇವರನ್ನು ನಾವು ಕನ್ನಡದಲ್ಲೂ "ನೀನು" ಎಂದೇ ಕರೆಯುತ್ತೇವಲ್ಲ.

ಧಾರವಾಡದ ಕಡೆ "ಶರಣ್ರೀ" ಎನ್ನುತ್ತಾರೆ. ಕಿವಿಗೆ ಎಷ್ಟು ಹಿತ! ಹನ್ನೆರಡನೇ ಶತಮಾನದ ಶರಣರ ನೆನಪು ಅದರ ಬೆನ್ನಿಗಿದೆ. ಶರಣು ಎಂದರೆ ಆಸರೆ, ಮೊರೆಹೋಗುವುದು. ಆದರೆ ಅದೇ ಬೆಳಿಗ್ಗೆ ಪೇಪರ್ ತೆಗೆದರೆ "ಆರೋಪಿ ಪೊಲೀಸರಿಗೆ ಶರಣು" ಎಂದಿರುತ್ತದೆ. ಅಲ್ಲಿ ಆ ಪದ ಕೈ ಮೇಲೆತ್ತಿಕೊಂಡು ನಿಂತಿದೆ. ಕಟ್ಟೆಯ ಮೇಲೆ ಕೂತು "ಶರಣ್ರೀ" ಎನ್ನುವವರಿಗೆ ಆರೋಪಿಯ ನೆನಪಾಗುವುದಿಲ್ಲ, ಪೇಪರ್ ಓದುವವರಿಗೆ ಕಟ್ಟೆಯ ನೆನಪಾಗುವುದಿಲ್ಲ.

ಸಲಾಮಿನ ಪಾಡು ಇನ್ನೂ ಕಷ್ಟ. ಅರಬ್ಬಿಯಲ್ಲಿ ಶಾಂತಿ ಎಂಬ ಅರ್ಥದ ಪದ. ಕನ್ನಡಕ್ಕೆ ಬಂದಮೇಲೆ "ಸಲಾಮು ಹೊಡೆಯೋನು" ಎಂದರೆ ಸಾಹೇಬರ ಹಿಂದೆ ಸುತ್ತುವವನು.

ಹಾಗಾದರೆ ಅಮ್ಮ ನಲ್ಲಿಯ ಮುಂದೆ ಕೈ ಜೋಡಿಸಿದ್ದು? ನಾನು ಅದನ್ನು ಪದ ಕೆಟ್ಟುಹೋದದ್ದು ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಗೇಟಿನ ಹತ್ತಿರ ಸುಮ್ನೆ ಎಸೆದುಹೋಗುವ ನಮಸ್ಕಾರದಲ್ಲಿ ಬಾಗುವುದೂ ಇಲ್ಲ, ಬೇಡುವುದೂ ಇಲ್ಲ. ಅಮ್ಮನ ನಮಸ್ಕಾರದಲ್ಲಿ ಎರಡೂ ಇತ್ತು. ನಿನ್ನ ಸ್ಪ್ಯಾನರ್‌ಗೊಂದು ನಮಸ್ಕಾರ, ನಿನ್ನ ವಾಷರ್‌ಗೊಂದು ನಮಸ್ಕಾರ, ನಮ್ಮನ್ನು ಬಿಟ್ಟುಬಿಡು. ನಮಕದ ದಾರಿಯೇ ಅಲ್ವಾ ಅದು?

ಸಂಜೆ ಬೇರೊಬ್ಬ ಬಂದ. ಬಾಗಿಲಲ್ಲೇ ಚೀಲ ಇಳಿಸಿ "ನಮಸ್ಕಾರ ಅಮ್ಮ" ಎಂದ.

"ಅದೆಲ್ಲ ಆಮೇಲೆ," ಎಂದರು ಅಮ್ಮ. "ಮೊದಲು ನಲ್ಲಿ ನೋಡಪ್ಪ."