ಮಗು ಮಲಗಿದರೂ ಬಾಣಂತಿಗೆ ನಿದ್ದೆ ಬಾರದಿದ್ದರೆ

"ಹೆರಿಗೆಯಾಗಿ ಎಂಟು ದಿನ. ಮಗು ಮಲಗಿದರೂ ತಂಗಿ ಮಲಗಲ್ಲ, ರಾತ್ರಿಯೆಲ್ಲ ಮಾತಾಡ್ತಾಳೆ. ಬಾಣಂತಿಗೆ ಇದು ಮಾಮೂಲಿ ಅಲ್ವಾ?"

ಅಲ್ಲ ಅಕ್ಕ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಗು ಎಬ್ಬಿಸಿ ನಿದ್ದೆ ಕೆಡೋದು ಬೇರೆ. ಆಗ ಅಜ್ಜಿ ಮಗುವನ್ನು ಎತ್ತಿಕೊಂಡರೆ ತಾಯಿ ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಹೋಗುತ್ತಾಳೆ. ಮೊದಲ ವಾರ ಸುಮ್‌ಸುಮ್ನೆ ಅಳು ಬರೋದೂ ಸಾಮಾನ್ಯ, ಎರಡು ವಾರದೊಳಗೆ ತಾನಾಗೇ ಕಡಿಮೆಯಾಗುತ್ತದೆ.

ಮಂಡ್ಯ ಹತ್ತಿರದ ನಮ್ಮೂರಲ್ಲಿ ನನ್ನ ನಾದಿನಿಗೂ ಹೀಗೇ ಆಗಿತ್ತು. ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ, ಆದರೂ ಸುಸ್ತೇ ಇಲ್ಲ. ನಡುರಾತ್ರಿ ಎದ್ದು ಮಗುವಿನ ಬಟ್ಟೆ ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು. ಆಮೇಲೆ "ಇದು ನನ್ನ ಮಗು ಅಲ್ಲ, ಬದಲಾಯಿಸಿದ್ದಾರೆ" ಅಂದಳು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿ ನಾವು ಎರಡು ದಿನ ಹಾಳು ಮಾಡಿದೆವು. ಡಾಕ್ಟರು ಇದಕ್ಕೆ ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಅಂದರು, ಅಂದರೆ ಹೆರಿಗೆಯಾದ ಮೇಲೆ ಬರುವ ತೀವ್ರ ಮಾನಸಿಕ ಕಾಯಿಲೆ. ಸಾವಿರದಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು, ಆದರೆ ಗಂಟೆಗಳಲ್ಲೇ ಜಾಸ್ತಿಯಾಗಬಹುದು. ಅಡ್ಮಿಟ್ ಮಾಡಿಕೊಂಡು ಔಷಧಿ ಕೊಟ್ಟರು. ಕೆಲವು ವಾರಗಳಲ್ಲಿ ಮೊದಲಿನಂತಾದಳು.

ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗಿ. ಎಷ್ಟು ರಾತ್ರಿಯಿಂದ ನಿದ್ದೆ ಇಲ್ಲ, ಏನೇನು ಮಾತಾಡಿದಳು, ಜ್ವರ ಇದೆಯಾ, ಹಿಂದೆ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ, ಎಲ್ಲ ಹೇಳಿ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳು ಬರಲ್ಲ ಅಂತ ಹಟ ಮಾಡಿದರೆ, ಸಾಯುವ ಮಾತಾಡಿದರೆ 108 ಕರೆಯಿರಿ. ಅಲ್ಲಿಯವರೆಗೆ ತಾಯಿ ಮಗು ಇಬ್ಬರನ್ನೇ ಒಂದು ನಿಮಿಷವೂ ಬಿಡಬೇಡಿ.